ಬೈತಲೆ ಸುಟ್ಟಿದ್ದಕ್ಕೆ

"ಬೈತಲೆ ಹತ್ರ ಕೂದಲು ತೆಳ್ಳಗಾಗಿದೆ, ಬಿಸಿಲಿಗೆ ಸುಟ್ಟು ಈಗ ಸಿಪ್ಪೆ ಏಳ್ತಿದೆ. ಕೂದಲು ಬೆಳೆಯಲು ಹಚ್ಚೋ ಮಿನಾಕ್ಸಿಡಿಲ್ ಮುಂದುವರಿಸಲಾ? ಮುಂದೆ ಏನು ಹಚ್ಚಲಿ?"

ಮೊದಲು ಮಿನಾಕ್ಸಿಡಿಲ್ ನಿಲ್ಲಿಸಿ. ಸುಟ್ಟ ಚರ್ಮ ಔಷಧಿಯನ್ನು ಜಾಸ್ತಿ ಒಳಗೆ ಎಳೆದುಕೊಳ್ಳುತ್ತದೆ, ಅದರಲ್ಲಿರುವ ಆಲ್ಕೋಹಾಲ್ ಬೇರೆ ಉರಿಸುತ್ತದೆ. ಕೆಂಪು, ನೋವು, ಸಿಪ್ಪೆ ಪೂರ್ತಿ ಹೋದ ಮೇಲೆ ಮತ್ತೆ ಶುರು ಮಾಡಿ.

ಸಿಪ್ಪೆ ಬೈತಲೆಯ ಗೆರೆಯಲ್ಲಿ ಮಾತ್ರ, ತೆಳು ಹಾಳೆಯಂತೆ ಏಳುತ್ತಿದ್ದರೆ ಅದು ಹೊಟ್ಟಲ್ಲ. ಹಾಗಾಗಿ ಹೊಟ್ಟಿನ ಶಾಂಪೂ, ನಿಂಬೆಹಣ್ಣು ಎರಡೂ ಬೇಡ, ಸುಮ್ನೆ ಉರಿ ಜಾಸ್ತಿ. ತಣ್ಣೀರು, ಸೌಮ್ಯ ಶಾಂಪೂ, ಆಮೇಲೆ ಪರಿಮಳ ಇಲ್ಲದ ಲೋಳೆಸರದ ಜೆಲ್ ಸಾಕು. ಬಾಚಣಿಗೆಯಲ್ಲಿ ಕೆರೆಯಬೇಡಿ. ಸಿಪ್ಪೆ ಕಿತ್ತರೆ ಕೆಳಗಿನ ಹಸಿ ಚರ್ಮ ಗಾಯವಾಗುತ್ತದೆ. ಡೈ, ಬಿಸಿ ಡ್ರೈಯರ್ ಕೂಡ ಸದ್ಯಕ್ಕೆ ಬೇಡ.

ಮುಂದಕ್ಕೆ ಟೋಪಿ ಅಥವಾ ಕೊಡೆಯೇ ಉತ್ತಮ. ತೆಳು ದುಪಟ್ಟಾ ನಂಬಬೇಡಿ, ಬೆಳಕಿಗೆ ಹಿಡಿದಾಗ ಆಚೆ ಕಂಡರೆ ಬಿಸಿಲೂ ಒಳಗೆ ಬರುತ್ತದೆ ಅಲ್ವಾ? ಟೋಪಿ ಆಗದಿದ್ದಾಗ ಎಸ್‌ಪಿಎಫ್ 30ಕ್ಕಿಂತ ಜಾಸ್ತಿಯ ಜೆಲ್ ಸನ್‌ಸ್ಕ್ರೀನನ್ನು ಬೆರಳ ತುದಿಯಿಂದ ಬೈತಲೆಗುಂಟ ಒತ್ತಿ ಹಚ್ಚಿ, ಕ್ರೀಮ್ ಆದರೆ ಕೂದಲು ಜಿಡ್ಡಾಗುತ್ತದೆ. ಹೊರಗಿದ್ದರೆ 2 ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ ಹಚ್ಚಿ. ಬೈತಲೆ ಜಾಗ ಬದಲಿಸುತ್ತಿರಿ.

ಗುಳ್ಳೆ, ಕೀವು, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಸಿಪ್ಪೆಯೆಲ್ಲ ಹೋಗಿ ವಾರಗಳಾದರೂ ಒಂದೇ ಕಡೆ ಒರಟು ಕಲೆ ಉಳಿದರೂ ಅಷ್ಟೇ.