ಶೇರು ಮೇಲೆ ಹೋದ್ರೂ ಕಾಲ್ ಆಪ್ಷನ್‌ನಲ್ಲಿ ಲಾಸ್ ಹೇಗಾಗತ್ತೆ?

ಪ್ರಶ್ನೆ: ನನ್ನ ಕಲೀಗ್ ಒಬ್ರು 520ರ ಕಾಲ್ ತಗೊಂಡಿದ್ರು, ಎಕ್ಸ್‌ಪೈರಿ ದಿನ ಶೇರು 526ಕ್ಕೆ ನಿಂತಿತ್ತು, ಆದ್ರೂ ಲಾಸ್ ಅಂತಿದಾರೆ. 520 ದಾಟಿದ್ಮೇಲೆ ಲಾಭ ಅಲ್ವಾ? ಪ್ರೀಮಿಯಂ ಅಂದ್ರೆ ಅಡ್ವಾನ್ಸ್ ತಾನೆ? ನಾನು ಹೊಸಬ, ಸಿಂಪಲ್ಲಾಗಿ ಹೇಳಿ.

ನಿಮ್ಮ ಕನ್ಫ್ಯೂಷನ್ ಪೂರ್ತಿ ಇರೋದು ಆ "ಅಡ್ವಾನ್ಸ್" ಅನ್ನೋದ್ರಲ್ಲೇ. ನೆಲಮಂಗಲ ಕಡೆ ಒಂದು ಸೈಟ್ ನೋಡಿ ಓನರ್‌ಗೆ ಅಡ್ವಾನ್ಸ್ ಕೊಟ್ರೆ ರಿಜಿಸ್ಟ್ರೇಷನ್ ದಿನ ಆ ದುಡ್ಡು ಒಟ್ಟು ರೇಟಲ್ಲಿ ಕಳೆಯತ್ತೆ, ಬಾಕಿ ಮಾತ್ರ ಕೊಡ್ತೀರ. ಪ್ರೀಮಿಯಂ ಹಾಗೆ ಕಳೆಯಲ್ಲ. ಅದು "ಈ ಡೇಟ್‌ಗೆ ಈ ರೇಟಲ್ಲಿ ಕೊಳ್ಳೋ ಹಕ್ಕು ನನಗಿರಲಿ" ಅಂತ ಆ ಹಕ್ಕಿಗೇ ಕೊಡೋ ಬೆಲೆ, ಆ ಹಕ್ಕೇ ಕಾಲ್. ಕೊಟ್ಟ ಕ್ಷಣಕ್ಕೆ ಆ ದುಡ್ಡು ಮಾರಿದವರದ್ದು, ಆಮೇಲೆ ಶೇರು ತಗೊಂಡ್ರೂ ಮೊದಲೇ ಗೊತ್ತಾದ ಆ ರೇಟನ್ನ, ಅಂದ್ರೆ ಸ್ಟ್ರೈಕ್ ರೇಟನ್ನ, ಪೂರ್ತಿಯಾಗೇ ಕೊಡಬೇಕು.

ನಿಮ್ಮ ಕಲೀಗ್ ಎಷ್ಟು ಪ್ರೀಮಿಯಂ ಕೊಟ್ರು ಅಂತ ನೀವು ಬರೆದಿಲ್ಲ, ಹಾಗಾಗಿ ನಾನೇ ಒಂದು ಲೆಕ್ಕ ಹಾಕ್ತೀನಿ. ಶೇರು ಈಗ 500 ರೂಪಾಯಿ ಇದೆ, ಎಕ್ಸ್‌ಪೈರಿಗೆ ಇನ್ನೂ ನಾಲ್ಕು ವಾರ ಇದೆ, ಆಪ್ಷನ್‌ಗಳ ಬೆಲೆ ಪಟ್ಟಿ, ಅಂದ್ರೆ ಆಪ್ಷನ್ ಚೈನ್‌ನಲ್ಲಿ 520 CE ಅಂತ ಇರೋ 520ರ ಕಾಲ್‌ನ ಬೆಲೆ 12 ರೂಪಾಯಿ, ಒಂದೇ ಸಲಕ್ಕೆ ಕೊಳ್ಳಬೇಕಾದ ಲಾಟ್ 1000 ಶೇರು ಅಂದ್ಕೊಳ್ಳಿ. ಸ್ಕ್ರೀನಲ್ಲಿ ಕಾಣೋ 12 ಒಂದು ಶೇರಿನ ಲೆಕ್ಕ, ನಿಮ್ಮ ಅಕೌಂಟಿಂದ ಹೋಗೋದು 12 ಇಂಟು 1000, ಅಂದ್ರೆ 12,000 ರೂಪಾಯಿ, ಜೊತೆಗೆ ಬ್ರೋಕರೇಜು ಟ್ಯಾಕ್ಸು ಅಂತ ಸ್ವಲ್ಪ, ಅದನ್ನ ಸದ್ಯಕ್ಕೆ ಬಿಡೋಣ.

ಎಕ್ಸ್‌ಪೈರಿ ದಿನ ಆ ಹಕ್ಕಿನಿಂದ ನಿಮಗೆ ಬರೋದಕ್ಕೆ ಪೇಆಫ್ ಅಂತಾರೆ, ಅದರ ಲೆಕ್ಕ ಇಷ್ಟೇ:

```
payoff = max(0, share price - 520)
profit = payoff - 12
```

ಜನ ಎಡವೋದು ಈ ಎರಡು ಸಾಲಿನ ಮಧ್ಯೆ. ಶೇರು 480ಕ್ಕೆ ಬಂದ್ರೆ ಮಾರ್ಕೆಟ್ಟಲ್ಲೇ 480ಕ್ಕೆ ಸಿಗೋದನ್ನ 520 ಕೊಟ್ಟು ಯಾರು ತಗೋತಾರೆ, ಹಕ್ಕು ಬಿಟ್ಟುಬಿಡ್ತೀರ, ಪೇಆಫ್ ಸೊನ್ನೆ, 12,000 ಹೋಯ್ತು. ಸರಿಯಾಗಿ 520ಕ್ಕೆ ನಿಂತ್ರೂ ಅಷ್ಟೇ. ಶೇರು 300ಕ್ಕೆ ಕುಸಿದ್ರೂ ಲಾಸ್ ಅದೇ 12,000, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಹೋಗಲ್ಲ, ಕಾಲ್ ಕೊಳ್ಳೋರಿಗೆ ಸಿಗೋ ನಿಜವಾದ ರಕ್ಷಣೆ ಇದೇ.

ಈಗ ನಿಮ್ಮ 526. ಪೇಆಫ್ 6 ರೂಪಾಯಿ ಬಂತು, ಕೊಟ್ಟಿದ್ದು 12, ಅಲ್ಲಿಗೆ ಶೇರಿಗೆ 6 ರೂಪಾಯಿ ಲಾಸ್, ಲಾಟಿಗೆ 6,000. ಹಾಗಂತ ಲಾಸ್ ಇದೆ ಅಂತ ಹಕ್ಕನ್ನ ಬಿಡೋದೂ ತಪ್ಪು, ಬಿಟ್ರೆ ಪೂರ್ತಿ 12,000 ಹೋಗತ್ತೆ, ಬಳಸಿಕೊಂಡ್ರೆ ಅರ್ಧ ಆದ್ರೂ ವಾಪಸ್ ಬರತ್ತೆ. ಇನ್ನು 532ಕ್ಕೆ ಪೇಆಫ್ 12, ಲಾಭನೂ ಇಲ್ಲ ನಷ್ಟನೂ ಇಲ್ಲ, ಇದೇ ಬ್ರೇಕ್ ಈವನ್, ಸ್ಟ್ರೈಕ್ ಪ್ಲಸ್ ಪ್ರೀಮಿಯಂ. 550ಕ್ಕೆ ಹೋದ್ರೆ ಪೇಆಫ್ 30, ಅದ್ರಲ್ಲಿ 12 ತೆಗೆದ್ರೆ 18, ಲಾಟಿಗೆ 18,000 ಲಾಭ. ಅಂದ್ರೆ 500ರಲ್ಲಿದ್ದ ಶೇರು ನಾಲ್ಕು ವಾರದಲ್ಲಿ 6.4 ಪರ್ಸೆಂಟ್ ಏರಿ 532 ಮುಟ್ಟಿದ್ರೆ ಮಾತ್ರ ನಿಮ್ಮ ದುಡ್ಡು ನಿಮಗೆ ಬರತ್ತೆ, ಲಾಭ ಆಮೇಲಿನ ಮಾತು. ಕೊಳ್ಳೋ ಮುಂಚೆ ಈ ಒಂದು ಪರ್ಸೆಂಟೇಜ್ ಹಾಕಿ ನೋಡಿ ಅಂತ ನಾನು ಕೇಳಿದೋರಿಗೆಲ್ಲ ಹೇಳ್ತೀನಿ, 12 ರೂಪಾಯಿ ಚೀಪ್ ಅನ್ಸತ್ತೆ, 6.4 ಪರ್ಸೆಂಟ್ ಹಾಗೆ ಅನ್ಸಲ್ಲ.

ಇಷ್ಟೂ ಎಕ್ಸ್‌ಪೈರಿ ದಿನದ ಕಥೆ. ಆದ್ರೆ ಹೆಚ್ಚಿನವರು ಅಲ್ಲಿವರೆಗೂ ಕಾಯಲ್ಲ, ಮಧ್ಯದಲ್ಲೇ ಆ ಕಾಲನ್ನ ಇನ್ನೊಬ್ಬರಿಗೆ ಮಾರ್ತಾರೆ, ಆಗ ಸಿಗೋದು ಪೇಆಫ್ ಅಲ್ಲ, ಆ ಹೊತ್ತಿನ ಪ್ರೀಮಿಯಂ. ಅದು ಯಾಕೆ ಏರತ್ತೆ ಇಳಿಯತ್ತೆ ಅನ್ನೋದು ಗೊತ್ತಿರಲೇಬೇಕು.

ಪ್ರೀಮಿಯಂನಲ್ಲಿ ಎರಡು ಭಾಗ ಇರತ್ತೆ. ಒಂದು, ಈಗಲೇ ಎಕ್ಸ್‌ಪೈರಿ ಆದ್ರೆ ಎಷ್ಟು ಸಿಗತ್ತೋ ಅದು, ಇದು ಇಂಟ್ರಿನ್ಸಿಕ್ ವ್ಯಾಲ್ಯೂ. ಉಳಿದಿದ್ದು ಟೈಮ್ ವ್ಯಾಲ್ಯೂ, ಅಂದ್ರೆ ಉಳಿದಿರೋ ದಿನಗಳಲ್ಲಿ ಶೇರು ಇನ್ನೂ ಮೇಲೆ ಹೋಗಬಹುದು ಅನ್ನೋ ಸಾಧ್ಯತೆಗೆ ಮಾರ್ಕೆಟ್ ಕಟ್ಟೋ ಬೆಲೆ. ಶೇರು 500, ಸ್ಟ್ರೈಕ್ 520 ಇರೋವಾಗ ಇಂಟ್ರಿನ್ಸಿಕ್ ಸೊನ್ನೆ, ನೀವು ಕೊಟ್ಟ 12 ಪೂರ್ತಿ ಟೈಮ್ ವ್ಯಾಲ್ಯೂ. ಎಕ್ಸ್‌ಪೈರಿ ಹೊತ್ತಿಗೆ ಈ ಭಾಗ ಸೊನ್ನೆ ಆಗೇ ಆಗತ್ತೆ, ಶೇರು ಎಲ್ಲೇ ಇದ್ರೂ.

ಅದೇ ಶೇರು ನೀವು ಕಾಲ್ ತಗೊಂಡ ಮಾರನೇ ದಿನವೇ 540ಕ್ಕೆ ಹಾರಿತು ಅಂದ್ಕೊಳ್ಳಿ, ಇಂಟ್ರಿನ್ಸಿಕ್ 20, ದಿನ ಇನ್ನೂ ಬೇಕಾದಷ್ಟಿದೆ ಅಂತ ಟೈಮ್ ವ್ಯಾಲ್ಯೂ ಸುಮಾರು 13, ಪ್ರೀಮಿಯಂ 33ರ ಆಸುಪಾಸು ಬರತ್ತೆ. ಈಗ ಉಲ್ಟಾ ನೋಡಿ, ಎರಡು ವಾರ ಸುಮ್ನೆ ಎಳೆದಾಡಿ ಶೇರು 510ಕ್ಕೆ ಬಂತು, 10 ರೂಪಾಯಿ ಏರಿದೆ, ನೀವು ಊಹಿಸಿದ ದಿಕ್ಕು ಸರಿಯಾಗೇ ಇದೆ, ಆದ್ರೂ ಅರ್ಧ ಟೈಮ್ ಕರಗಿರೋದ್ರಿಂದ ಪ್ರೀಮಿಯಂ ಸುಮಾರು 10ಕ್ಕೆ ಇಳಿದಿರತ್ತೆ. ಇವೆಲ್ಲ ಆಪ್ಷನ್ ಬೆಲೆ ಲೆಕ್ಕ ಹಾಕೋ ಬ್ಲ್ಯಾಕ್ ಶೋಲ್ಸ್ ಫಾರ್ಮುಲಾದಲ್ಲಿ ವೊಲಟಿಲಿಟಿ, ಅಂದ್ರೆ ಶೇರು ಎಷ್ಟು ಏರಿಳಿಯಬಹುದು ಅನ್ನೋ ಲೆಕ್ಕ, 35 ಪರ್ಸೆಂಟ್ ಇಟ್ಟು ಹಾಕಿದ ಅಂದಾಜು. ಆ ಎರಡು ವಾರದಲ್ಲಿ ಕಂಪನಿ ರಿಸಲ್ಟ್ ಬಂದು ಮಾರ್ಕೆಟ್ಟಿನ ಆತಂಕ ಇಳಿದು ಅದೇ 35 ಹೋಗಿ 25 ಆದ್ರೆ, ಶೇರು ಅದೇ 510ರಲ್ಲಿದ್ರೂ ಪ್ರೀಮಿಯಂ 6ರ ಹತ್ರ ಬಂದುಬಿಡತ್ತೆ. ಆಪ್ಷನ್ ಚೈನಲ್ಲಿ IV ಅಂತ ಒಂದು ಕಾಲಂ ಇರತ್ತಲ್ಲ, ಅದು ಈ ವೊಲಟಿಲಿಟಿನೇ. ರಿಸಲ್ಟ್ ಹಿಂದಿನ ದಿನ ಅದು ಉಬ್ಬಿರೋವಾಗ ಕಾಲ್ ತಗೊಂಡು, ರಿಸಲ್ಟ್ ಚೆನ್ನಾಗೇ ಬಂದ್ರೂ ದುಡ್ಡು ಬರಲಿಲ್ಲ ಅಂತ ತುಂಬಾ ಜನ ಕೇಳ್ತಾರೆ, ಮುಖ್ಯ ಕಾರಣ ಸಾಮಾನ್ಯವಾಗಿ ಇಲ್ಲೇ ಇರತ್ತೆ.

ಮಾರಿದವರ ಕಡೆನೂ ಒಂದು ಸಲ ನೋಡಿ. ಅವರಿಗೆ ಸಿಗೋದು ಗರಿಷ್ಠ 12,000, ಶೇರು 600ಕ್ಕೆ ಹೋದ್ರೆ ಅವರಿಗಾಗೋ ಲಾಸ್ 80 ಮೈನಸ್ 12, ಲಾಟಿಗೆ 68,000, ಮೇಲಕ್ಕೆ ಮಿತಿನೇ ಇಲ್ಲ, ಅದಕ್ಕೇ ಅವರ ಹತ್ರ ಭದ್ರತೆಗೆ ಅಂತ ಮಾರ್ಜಿನ್ ದುಡ್ಡು ಇಡಿಸ್ಕೊಳ್ಳೋದು. ಹೊಸಬರು ಶೇರು ಕೈಲಿಲ್ಲದೆ ಕಾಲ್ ಮಾರೋಕೆ ಹೋಗಲೇಬೇಡಿ.

ಕೊನೇದಾಗಿ, ನಿಮ್ಮ ಕಲೀಗ್ ವಿಷಯದಲ್ಲಿ ನನಗೆ ಲಾಸಿಗಿಂತ ಜಾಸ್ತಿ ಚಿಂತೆ ಆಗಿದ್ದು ಅವರು ಎಕ್ಸ್‌ಪೈರಿವರೆಗೂ ಇಟ್ಕೊಂಡಿದ್ದು. ನಿಫ್ಟಿ ಆಪ್ಷನ್ ಆದ್ರೆ ವ್ಯತ್ಯಾಸದ ದುಡ್ಡು ಮಾತ್ರ ಬರತ್ತೆ, ಆದ್ರೆ ಕಂಪನಿ ಶೇರಿನ ಆಪ್ಷನ್ನು 2019ರ ಅಕ್ಟೋಬರಿಂದ ಫಿಸಿಕಲ್ ಸೆಟಲ್‌ಮೆಂಟ್. 526ಕ್ಕೆ ನಿಂತ್ರೆ 520ರ ಕಾಲ್ ಇಟ್ಕೊಂಡೋರು 1000 ಶೇರನ್ನ ನಿಜವಾಗ್ಲೂ ತಗೋಬೇಕು, ಅಕೌಂಟಲ್ಲಿ 5,20,000 ರೂಪಾಯಿ ಬೇಕು. 12,000 ಹಾಕಿದೋರ ಹತ್ರ ಅಷ್ಟು ಇರಲ್ಲ. ಕೊನೆ ನಾಲ್ಕು ಟ್ರೇಡಿಂಗ್ ದಿನ ದಿನಾ ಮಾರ್ಜಿನ್ ಏರಿಸ್ತಾ ಬರ್ತಾರೆ, ಕಟ್ಟದಿದ್ರೆ ಬ್ರೋಕರೇ ಆಗಿನ ಬೆಲೆಗೆ ಮಾರಿಬಿಡಬಹುದು. ಡೆಲಿವರಿ ಬೇಡ ಅಂದ್ರೆ ಆ ನಾಲ್ಕು ದಿನ ಶುರುವಾಗೋ ಮುಂಚೆನೇ ನೀವೇ ಆರ್ಡರ್ ಹಾಕಿ ಹೊರಗೆ ಬನ್ನಿ.