ಕತೆಯನ್ನು ಅವರಿಂದಲೇ ಹೇಳಿಸಿ

“ಹೊಸ ನಾಟಕ ಬರೆದು ಗೆಳೆಯರನ್ನು ಕೂರಿಸಿ ಓದಿಸಿದೆ. ಎಲ್ಲರೂ ‘ಚೆನ್ನಾಗಿದೆ’ ಅಂದು ಟೀ ಕುಡಿದು ಹೋದರು. ಏನು ಮಾಡಲಿ?”

‘ಹೇಗಿತ್ತು?’ ಅಂತ ಕೇಳಿದಿರಿ, ಅಲ್ವಾ? ಅದಕ್ಕೆ ಸಿಗುವ ಉತ್ತರ ಅದೇ.

ಮುಂದಿನ ಸಲ ನೀವು ಯಾವ ಪಾತ್ರವನ್ನೂ ಓದಬೇಡಿ. ರಂಗಸೂಚನೆ ಓದಲಿಕ್ಕೂ ಬೇರೆಯವರಿರಲಿ. ಕೇಳುವವರ ಮುಖ ಕಾಣುವ ಕಡೆ ಪ್ರತಿ ಹಿಡಿದು ಕೂತುಕೊಳ್ಳಿ. ನಕ್ಕ ಕಡೆ, ಮೊಬೈಲ್ ತೆಗೆದ ಕಡೆ, ಓದುವವರು ತಡವರಿಸಿದ ಕಡೆ ಸುಮ್ನೆ ಗುರುತು ಹಾಕುತ್ತಾ ಹೋಗಿ.

ಮುಗಿದ ಮೇಲೆ ಮೊದಲು ಕತೆಯನ್ನು ಅವರಿಂದಲೇ ಹೇಳಿಸಿ. ನನ್ನ ಒಂದು ನಾಟಕದಲ್ಲಿ ಅಣ್ಣ ಹೊಲ ಮಾರಿದ್ದು ತಂಗಿಗೆ ಮೊದಲೇ ಗೊತ್ತಿರುತ್ತದೆ. ಆರು ಜನರಲ್ಲಿ ನಾಲ್ವರು ‘ಪಾಪ, ಅವಳಿಗೆ ಕೊನೆಗೆ ಗೊತ್ತಾಯ್ತು’ ಅಂದರು. ವಿವರಣೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೇಳಿಬಿಟ್ಟಿದ್ದರೆ ಎಲ್ಲರೂ ‘ಹೌದೌದು’ ಅನ್ನುತ್ತಿದ್ದರು. ಒಬ್ಬರು ‘ಕೊನೆಗೆ ಅವಳು ಅಳುವ ಹಾಗೆ ಮಾಡಿ’ ಅಂದರು. ಆ ಮದ್ದು ಬಿಟ್ಟೆ, ನೋವು ಎಲ್ಲಿ ಅಂತ ಮಾತ್ರ ಕೇಳಿದೆ. ಅವರ ಬೆರಳು ಹೋಗಿದ್ದು ಎರಡನೇ ದೃಶ್ಯಕ್ಕೆ. ಬೇರೆಯವರ ಹೆಸರಿರುವ ಪಹಣಿ ಅಲ್ಲಿ ಅವಳ ಕೈಗೆ ಸಿಗುತ್ತದೆ. ಅದು ಬರೀ ರಂಗಸೂಚನೆಯಲ್ಲಿತ್ತು, ಓದುವವರು ಅದನ್ನೇ ಹಾರಿಸಿದ್ದರು! ಹಾಗಾಗಿ ನಾಟಕ ತಿದ್ದುವ ಮೊದಲು ತಪ್ಪು ಬರಹದ್ದೋ ಓದಿನದೋ ನೋಡಿಕೊಳ್ಳಿ.