ಫ್ಯಾಮಿಲಿ ಟ್ರಸ್ಟಿಗೆ ರಾಜೀನಾಮೆ: ಅಣ್ಣನ ಮಗ ಇನ್ನೂ ಮೈನರ್ ಇದ್ದಾಗ

ಪ್ರಶ್ನೆ: ಸರ್, ಅಪ್ಪ ಬದುಕಿದ್ದಾಗಲೇ ರಿಜಿಸ್ಟರ್ ಟ್ರಸ್ಟ್ ಮಾಡಿಟ್ಟಾರ. ನಾನು, ಕಾಕಾ, ಅಕ್ಕ ಟ್ರಸ್ಟಿ ಇದೀವಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಎರಡು ಅಂಗಡಿ, ಆಳಂದ ರೋಡಿಗೆ ಎಂಟು ಎಕರೆ ತೊಗರಿ ಹೊಲ. ಫಲಾನುಭವಿಗಳು ಅವ್ವ, ಅಕ್ಕ, ನಾನು, ತೀರಿಹೋದ ಅಣ್ಣನ ಮಗ (14 ವರ್ಷ). ಕಾಕಾ ಒಂದು ಅಂಗಡಿ ಬಾಡಿಗಿ ಕೈಯಾಗ ತಗೊಂಡು ಬ್ಯಾಂಕಿಗೆ ಹಾಕೂದಿಲ್ಲ, ಕೇಳಿದ್ರ ಜಗಳ. ನಾನು ಬಿಟ್ಟುಬಿಡ್ಬೇಕು, ಎಲ್ಲರಿಗೂ ಒಂದು ಲೆಟರ್ ಕೊಟ್ರ ಸಾಕಾ?

ಉತ್ತರ: ಸಾಕಾಗೂದಿಲ್ರೀ. ಟ್ರಸ್ಟಿ ಕೆಲಸ ಒಮ್ಮೆ ಒಪ್ಪಿಕೊಂಡ ಮ್ಯಾಲೆ ಸುಮ್ನೆ ಬಿಟ್ಟು ಹೋಗಾಕ ಬರೂದಿಲ್ಲ ಅಂತ 1882ರ ಇಂಡಿಯನ್ ಟ್ರಸ್ಟ್ಸ್ ಆಕ್ಟ್‌ನ ಸೆಕ್ಷನ್ 46 ಹೇಳ್ತದ. ಡೀಡ್‌ನಾಗೇ ರಾಜೀನಾಮೆ ಕ್ಲಾಜ್ ಇದ್ರ ಅದರ ಪ್ರಕಾರ ಹೋಗಬಹುದು, ಹಂಗಾಗಿ ಮೊದಲು ಡೀಡ್ ತೆಗೆದು ಪೂರ್ತಿ ಓದ್ರಿ. ಇಲ್ಲಂದ್ರ ಎಲ್ಲಾ ಫಲಾನುಭವಿಗಳ ಒಪ್ಪಿಗೆ ಅನ್ನೋ ದಾರಿ ಅದ, ಆದ್ರ ನಿಮ್ಮ ಮನ್ಯಾಗ ಅದು ಬಂದ್, ಯಾಕಂದ್ರ ಹುಡುಗ ಮೈನರ್, ಅವನ ಒಪ್ಪಿಗೆಗೆ ಕಾನೂನಿನ್ಯಾಗ ಬೆಲೆ ಇಲ್ಲ. ಅವನ ಪರವಾಗಿ ನಿಮ್ಮ ವೈನಿ ಸಹಿ ಹಾಕಿದ್ರ ಆಯ್ತಲ್ಲ ಅಂತ ಭಾಳ ಮಂದಿ ಅನ್ಕೋತಾರ, ಅದನ್ನ ನಂಬಿ ಕೂಡಬ್ಯಾಡ್ರಿ.

ನಿಮಗ ಸರಿಹೋಗೋದು ಸೆಕ್ಷನ್ 73. ಒಬ್ಬ ಟ್ರಸ್ಟಿ ಬಿಡಬೇಕು ಅಂದಾಗ ಅವನ ಜಾಗಕ್ಕ ಹೊಸಬರನ್ನ ನೇಮಿಸಬಹುದು. ಡೀಡ್‌ನಾಗ ಆ ಅಧಿಕಾರ ಬ್ಯಾರೆ ಯಾರಿಗೂ ಕೊಟ್ಟಿಲ್ಲಂದ್ರ, ಅಪ್ಪಾವ್ರೂ ಇಲ್ಲಂದ್ರ, ಉಳಿದ ಟ್ರಸ್ಟಿಗಳು ಅಂದ್ರ ಕಾಕಾ ಮತ್ತ ಅಕ್ಕ ಇಬ್ಬರೂ ಕೂಡಿ ಬರವಣಿಗೆಯಲ್ಲಿ ಸಹಿ ಮಾಡಿ ನೇಮಿಸಬೇಕು, ಹೊಸಬರು ಬಂದ್ರ ನಿಮಗ ಬಿಡುಗಡೆ. ನನ್ನ ಕೇಳಿದ್ರ ವೈನಿನೇ ಬರ್ಲಿ, ಮಗನ ಪಾಲು ಕಾಯಾಕ ತಾಯಿಗಿಂತ ಯಾರು ಬೇಕು. ಆದ್ರ ಸಾಲದಾಗ ಮುಳುಗಿದವ್ರು, ಆ ಅಂಗಡಿಗಳ ಬಾಡಿಗಿದಾರರು, ಇಂಥವ್ರು ಬ್ಯಾಡ.

ಈಗ ಲೆಟರ್. ಕಾಕಾ, ಅಕ್ಕ, ಅವ್ವ ಮತ್ತ ಹುಡುಗನ ಗಾರ್ಡಿಯನ್ ಅಂತ ವೈನಿ, ನಾಲ್ಕೂ ಮಂದಿ ಹೆಸರಿಗೆ ಬರೀರಿ, ಸ್ಪೀಡ್ ಪೋಸ್ಟಿಗೆ ಹಾಕ್ರಿ. "ಇವತ್ತಿಂದ ನಾನು ಟ್ರಸ್ಟಿ ಅಲ್ಲ" ಅಂತ ಬರೀಬ್ಯಾಡ್ರಿ. ಬಿಡುಗಡೆ ಬೇಕು, ಹೊಸಬರನ್ನ ನೇಮಿಸ್ರಿ, ಅಲ್ಲಿತನಕ ನನ್ನ ಕೆಲಸ ಮಾಡ್ತೀನಿ ಅಂತ ಬರೀರಿ. ಕಾರಣ ಒಂದೇ ಸಾಲು ಸಾಕು, ಜಗಳದ ಪುರಾಣ ಬ್ಯಾಡ.

ಲೆಕ್ಕ ಮಾತ್ರ ಪೂರ್ತಿ ಲಗತ್ತಿಸ್ರಿ. ಉದಾಹರಣೆಗೆ ಎರಡು ಅಂಗಡಿ ತಿಂಗಳಿಗೆ ತಲಾ 9,000 ಅಂದ್ರ ವರ್ಷಕ್ಕ 2,16,000, ಹೊಲದ ಲಾವಣಿ 80,000, ಒಟ್ಟು 2,96,000. ತೆರಿಗೆ-ರಿಪೇರಿ 41,000, ಅವ್ವಗ ತಿಂಗಳಿಗೆ 10,000ದಂಗ 1,20,000 ಹೋದ್ರ 1,35,000 ಉಳೀಬೇಕು. ಪಾಸ್‌ಬುಕ್‌ನಾಗ 1,08,000 ಅಷ್ಟೇ ಅದ ಅನ್ಕೋರಿ, ಕಡಿಮಿ ಬಿದ್ದ 27,000 ಅಂದ್ರ ಒಂದು ಅಂಗಡಿಯ ಮೂರು ತಿಂಗಳ ಬಾಡಿಗಿ. ಮನಿ ಮಾತು ಹೊರಗ ಹೋಗಬಾರ್ದು ಅಂತ ಇಲ್ಲಿ ಅದನ್ನ ಖರ್ಚಿನ್ಯಾಗ ಸೇರಿಸಿ ಮುಚ್ಚಿಬಿಡ್ತಾರ, ಹಂಗ ಮಾಡಿದ್ರ ನೀವೇ ಸಿಗಾಕೊಳ್ತೀರಿ. ಜೊತಿ ಟ್ರಸ್ಟಿ ತಪ್ಪು ಮಾಡಿದ್ದು ಗೊತ್ತಿದ್ದೂ ಮುಚ್ಚಿಟ್ರ, ಇಲ್ಲಾ ಟೈಮಿಗೆ ಸರಿಯಾಗಿ ಏನೂ ಮಾಡ್ಲಿಲ್ಲಂದ್ರ ಆ ನಷ್ಟಕ್ಕ ನೀವೂ ಹೊಣಿ ಅಂತ ಸೆಕ್ಷನ್ 26 ಅದ. ರಾಜೀನಾಮೆ ಕೊಟ್ರೂ ನಿಮ್ಮ ಕಾಲದ್ದು ನಿಮ್ಮ ಬೆನ್ನಿಗೇ ಇರ್ತದ. ಅದಕ್ಕ ಬೈಗುಳ ಇಲ್ದಂಗ, "ಇಂಥಾ ಮೂರು ತಿಂಗಳ ಬಾಡಿಗಿ 27,000 ಖಾತೆಗೆ ಬಂದಿಲ್ಲ, ಕಾಕಾ ಅವ್ರು ದಯವಿಟ್ಟು ಜಮಾ ಮಾಡಿ ರಸೀದಿ ಕೊಡ್ಬೇಕು" ಅಂತ ಬರೀರಿ, ಬಾಡಿಗಿದಾರರಿಗೂ ಮುಂದ ಖಾತೆಗೇ ಹಾಕ್ರಿ ಅಂತ ಲಿಖಿತವಾಗಿ ತಿಳಿಸ್ರಿ.

ಲೆಕ್ಕ ನೋಡಿ ಸರಿ ಅದ ಅಂತ ಅವ್ವ, ಅಕ್ಕನ ಹತ್ರ ಸಹಿ ತಗೋರಿ. ಹುಡುಗ ಮಾತ್ರ 18 ಆದಮ್ಯಾಲೆ ತನ್ನ ಪಾಲಿನ ಲೆಕ್ಕ ಕೇಳಬಹುದು, ಹಂಗಾಗಿ ರಸೀದಿ, ಪಾಸ್‌ಬುಕ್ ಕಾಪಿ ಅವನು ದೊಡ್ಡವನಾಗಿ ಕೆಲವು ವರ್ಷ ಆಗೋತನಕ ಇಟ್ಕೋರಿ. ಇನ್ನೊಂದು, ಟ್ರಸ್ಟಿ ಪದವಿ ಬಿಟ್ರ ಫಲಾನುಭವಿ ಅಂತ ನಿಮ್ಮ ಪಾಲು ಹೋಗೂದಿಲ್ಲ, ಅದು ಬ್ಯಾರೆ ಇದು ಬ್ಯಾರೆ.



ಕಾಕಾ ಸಹಿ ಹಾಕೂದಿಲ್ಲಂದ್ರ? ಕಲಬುರಗಿ ಜಿಲ್ಲಾ ನ್ಯಾಯಾಲಯಕ್ಕ ಸೆಕ್ಷನ್ 72ರ ಅರ್ಜಿ ಹಾಕ್ರಿ. ತಕ್ಕ ಕಾರಣ ಇದ್ರ ಕೋರ್ಟ್ ಬಿಡುಗಡೆ ಮಾಡಿ, ಖರ್ಚು ಟ್ರಸ್ಟಿಂದ ಕೊಡ್ಸಬಹುದು. ಬರೀ ಬ್ಯಾಸರಾಗೈತಿ ಅಂದ್ರ ತಕ್ಕ ಮನುಷ್ಯ ಸಿಗೋತನಕ ಬಿಡೂದಿಲ್ಲ, ಅದಕ್ಕ ವೈನಿ ಒಪ್ಪಿಗೆ ಪತ್ರನೂ 27,000ದ ಲೆಟರ್ ಕಾಪಿನೂ ಅರ್ಜಿ ಜೊತಿನೇ ಇಡ್ರಿ. ಯಾವ ದಾರಿಯಿಂದ ಬಿಡುಗಡೆ ಆದ್ರೂ ಆ ಕಾಗದ ಬ್ಯಾಂಕಿಗೆ ಕೊಟ್ಟು ನಿಮ್ಮ ಸಹಿ ತೆಗೆಸ್ರಿ, ಬಾಡಿಗಿ ಕರಾರು ಮತ್ತ ಪಹಣಿಯಾಗೂ ನಿಮ್ಮ ಹೆಸರು ಟ್ರಸ್ಟಿ ಅಂತ ಇದ್ರ ಬದಲಿ ಮಾಡ್ಸಾಕ ಅರ್ಜಿ ಕೊಡ್ರಿ.